ಮೂಡಿಗೆರೆ ಕಡೆಯ ಒಂದು ಉದ್ದದ ವಿಡಿಯೊ, ಅದಕ್ಕೆ ಚಾಪ್ಟರ್ ಹಾಕಿದ ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೆಳೆಗಾರರ ಒಂದು ಸಣ್ಣ ಬಳಗ ಇದೆ. ಮುಂಗಾರಿಗೆ ಮೊದಲು ಮೂಡಿಗೆರೆ ಹತ್ತಿರದ ಒಂದು ಸಭಾಂಗಣದಲ್ಲಿ ಕಾಳುಮೆಣಸು ಮತ್ತು ಕಾಫಿ ಬಗ್ಗೆ ಮಾಹಿತಿ ಕಾರ್ಯಕ್ರಮ ಮಾಡಿ, ಪೂರ್ತಿ ರೆಕಾರ್ಡ್ ಮಾಡಿಸಿ, ತಮ್ಮ ಯೂಟ್ಯೂಬ್ ಚಾನೆಲ್‌ಗೆ ಹಾಕಿದರು. ವಿಡಿಯೊ ಉದ್ದ 1 ಗಂಟೆ 48 ನಿಮಿಷ. ಮಾತು ತುಂಬಾ ಚೆನ್ನಾಗಿತ್ತು. ಆದರೆ ಕೆಳಗೆ ಕಾಮೆಂಟ್ ಬರುತ್ತಿದ್ದದ್ದೆಲ್ಲ ಒಂದೇ ಥರ: "ಬೋರ್ಡೋ ಮಾಡೋದು ಎಷ್ಟನೇ ನಿಮಿಷಕ್ಕೆ ಬರುತ್ತೆ ಸಾರ್?"

ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ ನೀರಲ್ಲಿ ಬೆರೆಸಿ, ರೋಗ ಬಾರದಂತೆ ಗಿಡಕ್ಕೆ ಹೊಡೆಯುವ ದ್ರಾವಣ. ಕೇಳುವವರ ಪರಿಸ್ಥಿತಿ ಯೋಚಿಸಿ. ಡ್ರಮ್ಮಿನಲ್ಲಿ ನೀರು ತುಂಬಿದೆ, ಆಳುಗಳು ಕಾಯುತ್ತಿದ್ದಾರೆ, ಮೈಲುತುತ್ತು ಮತ್ತು ಸುಣ್ಣ ತೂಕ ಮಾಡಿ ಇಟ್ಟಾಗಿದೆ, ಯಾವುದನ್ನು ಯಾವುದಕ್ಕೆ ಸುರಿಯಬೇಕು ಅನ್ನೋದು ಮಾತ್ರ ಅನುಮಾನ. ತೋಟದಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದರೆ ಅದೇ ಪುಣ್ಯ. ಅಂಥವರು ದೀಪ ಬೆಳಗಿದ್ದು, ಹಾರ ಹಾಕಿದ್ದು, ಅಧ್ಯಕ್ಷರ ಮಾತು ಎಲ್ಲ ದಾಟಿ ಬೆರಳಲ್ಲಿ ಎಳೆದು ಎಳೆದು ಹುಡುಕಬೇಕು, ಪ್ರತಿ ಸಲ ಎಳೆದಾಗಲೂ ಆ ಚಕ್ರ ಸುತ್ತೋದನ್ನು ನೋಡುತ್ತಾ ಕೂರಬೇಕು.

ಬಳಗದವರು ನನ್ನನ್ನು ಕರೆದದ್ದು ಆಗ. ನಾನು ಇಲ್ಲಿನ ಕೆಲವರ ವಿಡಿಯೊ ಕೆಲಸ ನೋಡಿಕೊಳ್ಳುತ್ತೇನೆ. ಈ ಒಂದು ವಿಡಿಯೊಗೆ ಏನೇನು ಮಾಡಿದೆವು, ಎಲ್ಲೆಲ್ಲಿ ಕೆಟ್ಟಿತು ಅನ್ನೋದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಯಾಕಂದ್ರೆ ನಮ್ಮ ಕಡೆ ಇಂಥ ಉದ್ದದ ರೆಕಾರ್ಡಿಂಗ್‌ಗಳು ಜಾಸ್ತಿ, ಮತ್ತು ಎಲ್ಲದರಲ್ಲೂ ಸರಿಸುಮಾರು ಇವೇ ತೊಂದರೆಗಳು.

ಮೊದಲು ಇದ್ದ ಪಟ್ಟಿ ಯಾಕೆ ಕೆಲಸ ಮಾಡಲಿಲ್ಲ

ಚಾಪ್ಟರ್ ಅಂದರೆ ಉದ್ದದ ವಿಡಿಯೊವನ್ನು ಹೆಸರಿಟ್ಟ ಭಾಗಗಳಾಗಿ ಒಡೆಯುವುದು. ಅದು ಸರಿಯಾಗಿ ಬಿದ್ದರೆ ವಿಡಿಯೊದ ಕೆಳಗಿನ ಗೆರೆ ತುಂಡು ತುಂಡಾಗಿ ಕಾಣುತ್ತದೆ. ಚಾಪ್ಟರ್ ಹಾಕಿಯೇ ಇರಲಿಲ್ಲ ಅಂತಲ್ಲ. ಎಡಿಟ್ ಮಾಡಿದ ಹುಡುಗ ಡಿಸ್ಕ್ರಿಪ್ಷನ್‌ನಲ್ಲಿ ಹೀಗೆ ಬರೆದಿದ್ದ:

```
ಕಾರ್ಯಕ್ರಮ: ಬೆಳಿಗ್ಗೆ 10:30ರಿಂದ
0.00 ಉದ್ಘಾಟನೆ
14.05 ಉಪನ್ಯಾಸ 1
45.30 ಉಪನ್ಯಾಸ 2
72.10 ಸಂವಾದ
```

"ಅಣ್ಣಾ, ಟೈಮ್ ಎಲ್ಲಾ ಹಾಕಿದೀನಿ, ಆದ್ರೂ ಕೆಳಗಿನ ಗೆರೆ ತುಂಡಾಗ್ತಿಲ್ಲ" ಅಂದ. ಅವನು ಸಮಯ ಸರಿಯಾಗಿಯೇ ನೋಡಿ ಬರೆದಿದ್ದ. ತಪ್ಪಿದ್ದದ್ದು ಬರೆದ ರೀತಿಯಲ್ಲಿ.

ಯೂಟ್ಯೂಬ್‌ನ ನಿಯಮ ಬಹಳ ಸಣ್ಣದು. ಪಟ್ಟಿಯ ಮೊದಲ ಸಮಯ 0:00 ಆಗಿರಬೇಕು. ಕನಿಷ್ಠ ಮೂರು ಸಮಯ ಇರಬೇಕು, ಅವು ಏರುವ ಕ್ರಮದಲ್ಲಿ ಇರಬೇಕು. ಪ್ರತಿ ಚಾಪ್ಟರ್ ಕನಿಷ್ಠ 10 ಸೆಕೆಂಡ್ ಇರಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಪಟ್ಟಿ ಸುಮ್ನೆ ಅಕ್ಷರವಾಗಿ ಉಳಿಯುತ್ತದೆ. ಎಲ್ಲಿ ತಪ್ಪಿತು ಅಂತ ಯಾವ ಎಚ್ಚರಿಕೆಯೂ ಬರುವುದಿಲ್ಲ.

ನಮ್ಮ ಕಡೆ ಸಮಯ ಬರೆಯುವಾಗ ಚುಕ್ಕೆ ಇಡುವುದು ರೂಢಿ. ಮದುವೆ ಪತ್ರಿಕೆಯಲ್ಲೂ ಬೆಳಿಗ್ಗೆ 10.30 ಅಂತಲೇ ಇರುತ್ತದೆ. ಯೂಟ್ಯೂಬ್‌ಗೆ ಆ ಚುಕ್ಕೆ ಅರ್ಥವಾಗುವುದಿಲ್ಲ, ಅದಕ್ಕೆ ಎರಡು ಚುಕ್ಕೆಯ ವಿವರಣೆ ಚಿಹ್ನೆಯೇ ಬೇಕು. ಇದನ್ನು ಪರೀಕ್ಷಿಸುವುದು ಸುಲಭ. ಸೇವ್ ಮಾಡಿ, ವಿಡಿಯೊ ಪುಟ ತೆರೆದು ಡಿಸ್ಕ್ರಿಪ್ಷನ್ ನೋಡಿ. ಸಮಯ ನೀಲಿ ಲಿಂಕ್ ಆಗಿದ್ದರೆ ಅದನ್ನು ಓದಿದೆ, ಕಪ್ಪಗೆ ಇದ್ದರೆ ಓದಿಲ್ಲ. ಹುಡುಗನ ನಾಲ್ಕೂ ಸಾಲು ಕಪ್ಪಗಿದ್ದವು.

ವಿಚಿತ್ರ ಅಂದ್ರೆ ಅವನು ಚಾಪ್ಟರ್ ಅಂತ ಬರೆಯದೇ ಇದ್ದ ಒಂದು ಸಮಯ ಮಾತ್ರ ನೀಲಿಯಾಗಿತ್ತು. ಅದು ಮೇಲಿನ ಸಾಲಿನ "ಬೆಳಿಗ್ಗೆ 10:30". ಅದನ್ನು ಒತ್ತಿದರೆ ವಿಡಿಯೊ ಹತ್ತೂವರೆ ನಿಮಿಷಕ್ಕೆ, ಅಂದರೆ ಹಾರ ಹಾಕುವ ಜಾಗಕ್ಕೆ ಹೋಗುತ್ತಿತ್ತು. ಚುಕ್ಕೆಗಳನ್ನೆಲ್ಲ ತಿದ್ದಿದ ಮೇಲೂ ಚಾಪ್ಟರ್ ಬರಲಿಲ್ಲ. ಕಾರ್ಯಕ್ರಮದ ಆ ಸಾಲನ್ನು "ಬೆಳಿಗ್ಗೆ ಹತ್ತೂವರೆಗೆ" ಅಂತ ಅಕ್ಷರದಲ್ಲಿ ಬರೆದ ಮೇಲೆ ಬಂತು. ಮೊದಲು ಸಿಗುವ ಸಮಯ 0:00 ಆಗಿರಬೇಕಲ್ವಾ, ಇಲ್ಲಿ 10:30 ಅದಕ್ಕಿಂತ ಮುಂದೆ ನಿಂತಿತ್ತು. ಔಷಧಿ ಬೆರೆಸುವ ಅನುಪಾತವನ್ನು 1:10 ಅಂತ ಬರೆದರೂ ನೋಡಲು ಹೀಗೇ ಸಮಯದ ಥರವೇ ಇರುತ್ತದೆ. ಹಾಗಾಗಿ ಕೃಷಿ ವಿಡಿಯೊಗಳ ಡಿಸ್ಕ್ರಿಪ್ಷನ್‌ನಲ್ಲಿ ಅನುಪಾತವನ್ನು "ಒಂದಕ್ಕೆ ಹತ್ತು" ಅಂತ ಅಕ್ಷರದಲ್ಲೇ ಬರೆಯಿರಿ.

ಇನ್ನೊಂದು, 72.10. ಒಂದು ಗಂಟೆ ದಾಟಿದ ಮೇಲೆ ಗಂಟೆ, ನಿಮಿಷ, ಸೆಕೆಂಡ್ ಮೂರನ್ನೂ ಬರೆಯುವುದು ಒಳ್ಳೆಯದು: 1:12:10. ಪ್ಲೇಯರ್‌ನಲ್ಲಿ ಕಾಣುವುದೂ ಹಾಗೆಯೇ, ನೋಡುಗರಿಗೂ ಲೆಕ್ಕ ಸುಲಭ.

ಈ ಮೂರು ತಿದ್ದಿದ ತಕ್ಷಣ ಕೆಳಗಿನ ಗೆರೆ ನಾಲ್ಕು ತುಂಡಾಯಿತು. ಹುಡುಗನಿಗೆ ಖುಷಿಯಾಯಿತು. ಆದರೆ ಬೋರ್ಡೋ ಹುಡುಕುವವರಿಗೆ ಇದರಿಂದ ಏನೂ ಸಿಗಲಿಲ್ಲ. "ಉಪನ್ಯಾಸ 1" ಅನ್ನುವ ತುಂಡಿನ ಒಳಗೆ ಮೂವತ್ತೊಂದು ನಿಮಿಷದ ಮಾತು ಇತ್ತು. ಬೋರ್ಡೋ ಅದರ ನಡುವೆ ಎಲ್ಲೋ ಇತ್ತು.

ಎಲ್ಲಿ ಕತ್ತರಿಸುವುದು

ಕಾರ್ಯಕ್ರಮದ ಆಹ್ವಾನ ಪತ್ರಿಕೆ ನೋಡಿ ಚಾಪ್ಟರ್ ಹಾಕುವುದು ಎಲ್ಲರೂ ಮಾಡುವ ಕೆಲಸ. ಉದ್ಘಾಟನೆ, ಉಪನ್ಯಾಸ, ಸಂವಾದ, ವಂದನಾರ್ಪಣೆ. ಇದು ವೇದಿಕೆ ಮೇಲೆ ಕೂತವರ ಕ್ರಮ. ನೋಡುವವನ ತಲೆಯಲ್ಲಿ ಇರುವುದು ಒಂದು ಪ್ರಶ್ನೆ. ಹಾಗಾಗಿ ಪ್ರಶ್ನೆ ಬದಲಾಗುವ ಜಾಗದಲ್ಲಿ ಕತ್ತರಿಸೋಣ ಅಂದುಕೊಂಡೆ.

ಪ್ರಶ್ನೆಗಳು ಯಾವುವು ಅಂತ ಊಹಿಸುವ ಅಗತ್ಯ ಬೀಳಲಿಲ್ಲ. ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ ಎರಡು ಕಡೆ ಅದು ಕಾಣುತ್ತದೆ. ಒಂದು, ಜನ ಎಷ್ಟರವರೆಗೆ ನೋಡುತ್ತಾರೆ ಅನ್ನುವ ಗ್ರಾಫ್. ಸಾಮಾನ್ಯವಾಗಿ ಅದು ಇಳಿಯುತ್ತಾ ಹೋಗುತ್ತದೆ. ಎಲ್ಲಾದರೂ ಮೇಲೆದ್ದರೆ ಅಲ್ಲಿ ಜನ ಹಿಂದೆ ಎಳೆದು ಮತ್ತೆ ನೋಡುತ್ತಿದ್ದಾರೆ, ಅಥವಾ ಬೇರೆ ಕಡೆಯಿಂದ ಹಾರಿ ಅಲ್ಲಿಗೆ ಬರುತ್ತಿದ್ದಾರೆ ಅಂತ ಅರ್ಥ. ಈ ವಿಡಿಯೊದಲ್ಲಿ ಹಾಗೆ ಎದ್ದ ಜಾಗ ಮೂವತ್ತೊಂದನೇ ನಿಮಿಷದ ಆಸುಪಾಸು. ಹೋಗಿ ನೋಡಿದರೆ ಅಲ್ಲೇ ಬೋರ್ಡೋ. ಅದಾದ ಮೇಲೆ ಮೂವತ್ತೇಳರ ಹತ್ತಿರ ಇನ್ನೊಂದು ಸಣ್ಣ ಏರು ಇತ್ತು. ಅಲ್ಲಿ ತಜ್ಞರು ಕಬ್ಬಿಣದ ಕತ್ತಿಯನ್ನು ದ್ರಾವಣಕ್ಕೆ ಅದ್ದಿ ತೋರಿಸುತ್ತಾರೆ. ಕತ್ತಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇದನ್ನು ಕಣ್ಣಲ್ಲಿ ನೋಡಬೇಕು ಅಂತಲೇ ಜನ ಬರುತ್ತಿದ್ದರು. ಹಾಗಾಗಿ ಅದಕ್ಕೆ ಬೇರೆಯೇ ಚಾಪ್ಟರ್ ಕೊಟ್ಟೆ, ಎರಡೂವರೆ ನಿಮಿಷದ್ದಾದರೂ ಸರಿ.

ಎರಡನೆಯದು, ಯೂಟ್ಯೂಬ್ ಹುಡುಕಾಟದಿಂದ ಬಂದವರು ಏನು ಟೈಪ್ ಮಾಡಿದ್ದರು ಅನ್ನುವ ಪಟ್ಟಿ. ಚಾಪ್ಟರ್‌ಗೆ ಹೆಸರಿಡುವಾಗ ಇದು ಬೇಕಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಸಮಯ ಹಿಡಿಯುವುದಕ್ಕೆ ಕಂಪ್ಯೂಟರ್‌ನಲ್ಲಿ ಕೂತರೆ ಬೇಗ ಆಗುತ್ತದೆ. ಕೀಬೋರ್ಡ್‌ನಲ್ಲಿ `J` ಒತ್ತಿದರೆ ಹತ್ತು ಸೆಕೆಂಡ್ ಹಿಂದೆ, `L` ಒತ್ತಿದರೆ ಹತ್ತು ಸೆಕೆಂಡ್ ಮುಂದೆ, `K` ಒತ್ತಿದರೆ ನಿಲ್ಲುತ್ತದೆ. ಎರಡರಷ್ಟು ವೇಗದಲ್ಲಿ ಓಡಿಸಿ, ವಿಷಯ ಬದಲಾದಾಗ ನಿಲ್ಲಿಸಿ, ಹಿಂದೆ ಬಂದು ಮಾತಿನ ಮೊದಲ ಪದ ಹುಡುಕುವುದು.

ಆದರೆ ವಿಷಯ ಬದಲಾಗುವ ಕ್ಷಣ ಮತ್ತು ಮಾತು ಶುರುವಾಗುವ ಕ್ಷಣ ಒಂದೇ ಅಲ್ಲ. "ಈಗ ಬೋರ್ಡೋ ದ್ರಾವಣಕ್ಕೆ ಬರೋಣ" ಅಂತ ತಜ್ಞರು ಹೇಳಿದ್ದು 30:20ಕ್ಕೆ. ಆಮೇಲೆ ಮೈಕ್ ಕೂಗಿತು, ಯಾರೋ ಬಕೆಟ್ ತಂದಿಟ್ಟರು, ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಏನೋ ಕೇಳಿದರು. "ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು" ಅನ್ನುವ ವಾಕ್ಯ ಶುರುವಾಗುವುದು 31:16ಕ್ಕೆ. ಚಾಪ್ಟರ್ ಇಟ್ಟದ್ದು 31:14ಕ್ಕೆ. ಎರಡು ಸೆಕೆಂಡ್ ಮುಂಚೆ ಇಟ್ಟರೆ ಮೊದಲ ಪದ ನುಂಗಿ ಹೋಗುವುದಿಲ್ಲ. ಆ ಬಕೆಟ್ ಗಲಾಟೆ ಹಿಂದಿನ ಚಾಪ್ಟರ್‌ನ ಬಾಲದಲ್ಲಿ ಉಳಿಯಲಿ, ಅದರಿಂದ ಯಾರಿಗೂ ತೊಂದರೆ ಇಲ್ಲ. ಒತ್ತಿದ ತಕ್ಷಣ ಬೇಕಾದ ಮಾತು ಕೇಳಿಸದಿದ್ದರೆ, ತಪ್ಪು ಜಾಗಕ್ಕೆ ಬಂದೆ ಅಂದುಕೊಂಡು ಜನ ಮತ್ತೆ ಎಳೆಯಲು ಶುರು ಮಾಡುತ್ತಾರೆ.

ಉದ್ಘಾಟನೆಯ ಹದಿನಾಲ್ಕು ನಿಮಿಷವನ್ನೇ ಕಿತ್ತು ಹಾಕೋಣ ಅಂತ ಹುಡುಗ ಹೇಳಿದ. ನಾನು ಒಪ್ಪಲಿಲ್ಲ. ದೀಪ ಹಚ್ಚಿದವರು, ಹಾಲ್ ಬಿಟ್ಟುಕೊಟ್ಟವರು, ಊಟಕ್ಕೆ ವ್ಯವಸ್ಥೆ ಮಾಡಿದವರು ಎಲ್ಲರೂ ಅದರಲ್ಲಿ ಇದ್ದಾರೆ, ಅವರ ಮನೆಯವರು ಆ ವಿಡಿಯೊ ತೆಗೆದು ನೋಡುತ್ತಾರೆ. ಚಾಪ್ಟರ್ ಇದ್ದರೆ ಬೇಡದವರು ಒಂದು ಬೆರಳಲ್ಲಿ ದಾಟುತ್ತಾರೆ. ಹೇಗೂ ಮೊದಲ ಸಾಲು 0:00 ಇರಲೇಬೇಕು, ಅದಕ್ಕೆ ಉದ್ಘಾಟನೆ ಸರಿಯಾಗಿ ಕೂತಿತು.

ಕೊನೆಯ ಮೂವತ್ತು ಚಿಲ್ಲರೆ ನಿಮಿಷದ ಪ್ರಶ್ನೋತ್ತರ ಎಲ್ಲಕ್ಕಿಂತ ಕಷ್ಟ. ಮತ್ತು ನನ್ನ ಅಭಿಪ್ರಾಯದಲ್ಲಿ ಹುಡುಕುವವರಿಗೆ ಎಲ್ಲಕ್ಕಿಂತ ಉಪಯೋಗದ್ದು ಅದೇ. ವೇದಿಕೆ ಮೇಲಿಂದ ಹೇಳದ ವಿಷಯ ಅಲ್ಲಿ ಬರುತ್ತದೆ. ಹಾಗಂತ ಪ್ರತಿ ಪ್ರಶ್ನೆಗೂ ಒಂದು ಚಾಪ್ಟರ್ ಕೊಟ್ಟರೆ ಪಟ್ಟಿ ಮೊಬೈಲ್‌ನಲ್ಲಿ ಎಷ್ಟು ತಳ್ಳಿದರೂ ಮುಗಿಯುವುದಿಲ್ಲ, ಗೆರೆಯೂ ಚೂರು ಚೂರಾಗಿ ಬೆರಳಿಗೆ ಸಿಗುವುದಿಲ್ಲ. ಒಂದೇ ವಿಷಯದ ಪ್ರಶ್ನೆಗಳು ಒಟ್ಟಿಗೆ ಬಂದ ಕಡೆ ಸೇರಿಸಿದೆ. ಒಂದು ನಿಮಿಷಕ್ಕಿಂತ ಕಡಿಮೆ ಇದ್ದವನ್ನು ಪಕ್ಕದ್ದಕ್ಕೆ ಬಿಟ್ಟೆ. ಒಟ್ಟು ಹದಿನಾಲ್ಕು ಸಾಲಿಗೆ ನಿಂತಿತು.

ಹೆಸರು ಇಡುವುದು

ಹೆಸರಿನ ವಿಷಯದಲ್ಲಿ ಬಳಗದ ಒಳಗೇ ಸ್ವಲ್ಪ ಚರ್ಚೆ ಆಯಿತು. ತಜ್ಞರ ಸ್ಲೈಡ್‌ನಲ್ಲಿ "ಸಮಗ್ರ ರೋಗ ನಿರ್ವಹಣೆ" ಅಂತ ಇತ್ತು. ಅದನ್ನೇ ಹಾಕೋಣ, ಗೌರವವಾಗಿರುತ್ತೆ ಅಂತ ಕಾರ್ಯದರ್ಶಿಯವರ ಮಾತು. ನಾನು ಹುಡುಕಾಟದ ಪಟ್ಟಿ ತೆಗೆದು ತೋರಿಸಿದೆ. ಜನ ಬರೆದಿದ್ದದ್ದು ಬೋರ್ಡೋ, ಮೈಲುತುತ್ತು ಸುಣ್ಣ, ಮೆಣಸು ಸೊರಗು ರೋಗ, ಮೆಣಸಿನ ಬಳ್ಳಿ ಒಣಗುವುದು. ಸಮಗ್ರ ಅನ್ನುವ ಪದ ಒಂದು ಕಡೆಯೂ ಇರಲಿಲ್ಲ. ಕಾರ್ಯದರ್ಶಿಯವರು ನೋಡಿ, "ಸರಿ ಬಿಡಿ, ನಾವು ಮಾತಾಡೋ ಹಾಗೇ ಹಾಕಿ" ಅಂದರು.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದಕ್ಕೆ ನಾನು ತುಂಬಾ ಹೊತ್ತು ಕೊಟ್ಟೆ. ಈ ವಿಡಿಯೊದಲ್ಲಿ ಬೋರ್ಡೋ ಎರಡು ಸಲ ಬರುತ್ತದೆ. ಮೊದಲ ಸಲ ಮೆಣಸಿನ ಶೀಘ್ರ ಸೊರಗು ರೋಗಕ್ಕೆ, ಶೇಕಡಾ 1ರ ದ್ರಾವಣ. ಎರಡನೇ ಸಲ ಕಾಫಿಯ ಎಲೆ ತುಕ್ಕು ರೋಗಕ್ಕೆ, ಶೇಕಡಾ 0.5ರ ದ್ರಾವಣ, ಅಂದರೆ ನೂರು ಲೀಟರ್‌ಗೆ ಅರ್ಧರ್ಧ ಕೆಜಿ. ಪೂರ್ತಿ ಮಾತು ಕೇಳಿದವರಿಗೆ ಗೊಂದಲ ಇಲ್ಲ, ಯಾವ ಬೆಳೆ ಬಗ್ಗೆ ಮಾತು ನಡೆಯುತ್ತಿದೆ ಅಂತ ಗೊತ್ತಿರುತ್ತದೆ. ಹುಡುಕಾಟದಿಂದ ನೇರ ನಡುವೆ ಬಂದು ಇಳಿದವರಿಗೆ ಹಿಂದಿನ ಮಾತು ಗೊತ್ತಿಲ್ಲ. ಎರಡೂ ಚಾಪ್ಟರ್‌ಗೆ "ಬೋರ್ಡೋ ದ್ರಾವಣ ತಯಾರಿಕೆ" ಅಂತ ಹೆಸರಿಟ್ಟರೆ ಮೆಣಸಿನವರು ಕಾಫಿ ಅಳತೆ ಕೇಳಿಕೊಂಡು ಹೋಗುತ್ತಾರೆ, ಅರ್ಧ ಸಾಮರ್ಥ್ಯದ ದ್ರಾವಣ ಹೊಡೆದು ಬಳ್ಳಿ ಕಳೆದುಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಹೆಸರೂ ತಾನೊಂದೇ ನಿಂತಾಗಲೂ ಅರ್ಥ ಕೊಡಬೇಕು ಅಂತ ತೀರ್ಮಾನಿಸಿ, ಬೆಳೆಯ ಹೆಸರನ್ನೂ ಪ್ರಮಾಣವನ್ನೂ ಹೆಸರಿನ ಒಳಗೇ ಸೇರಿಸಿದೆವು.

ಬಹಳ ಬೇಕಾದ ಪದವನ್ನು ಮೊದಲು ಇಡಬೇಕು. ಮೊಬೈಲ್‌ನಲ್ಲಿ ಚಾಪ್ಟರ್ ಹೆಸರಿಗೆ ಸಿಗುವ ಜಾಗ ಕಡಿಮೆ, ಕನ್ನಡ ಅಕ್ಷರಗಳು ಅಗಲ, ಬಾಲ ಕತ್ತರಿಸಿ ಹೋಗುತ್ತದೆ. "ಕಾಳುಮೆಣಸಿನಲ್ಲಿ ಶೀಘ್ರ ಸೊರಗು ರೋಗ ಬಾರದಂತೆ ತಡೆಯಲು ಬಳಸುವ ಬೋರ್ಡೋ" ಅಂತ ಬರೆದರೆ ಬೋರ್ಡೋ ಅನ್ನುವ ಪದವೇ ಕಾಣುವುದಿಲ್ಲ. "ಬೋರ್ಡೋ 1% ಮೆಣಸಿಗೆ: ಅಳತೆ, ಬೆರೆಸುವ ಕ್ರಮ" ಅಂತ ಬರೆದರೆ ಕತ್ತರಿಸಿದರೂ ಕೆಲಸ ಮಾಡುತ್ತದೆ. ಕನ್ನಡ ಕೀಬೋರ್ಡ್ ಬಳಸದವರು ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ. ಅವರಿಗಾಗಿ ಆ ಒಂದು ಸಾಲಿನ ಕೊನೆಯಲ್ಲಿ ಮಾತ್ರ `Bordeaux` ಅಂತ ಸೇರಿಸಿದೆವು. ಎಲ್ಲ ಸಾಲಿಗೂ ಹಾಗೆ ಸೇರಿಸಿದ್ದರೆ ಪಟ್ಟಿ ಓದಲಾಗುತ್ತಿರಲಿಲ್ಲ.

ಗೂಗಲ್ ಹುಡುಕಾಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಡಿಯೊ ಫಲಿತಾಂಶದ ಕೆಳಗೆ ಮುಖ್ಯ ಕ್ಷಣಗಳನ್ನು ತೋರಿಸುವುದನ್ನು ಗೂಗಲ್ 2019ರಲ್ಲಿ ತಂದಿತು. ಯೂಟ್ಯೂಬ್ ತನ್ನ ಹುಡುಕಾಟದ ಫಲಿತಾಂಶದಲ್ಲೇ ಚಾಪ್ಟರ್ ತೋರಿಸಲು ಶುರು ಮಾಡಿದ್ದು 2021ರಲ್ಲಿ. ಯೂಟ್ಯೂಬ್‌ನಲ್ಲಿರುವ ವಿಡಿಯೊಗೆ ಇದಕ್ಕಾಗಿ ಬೇರೆ ಕೋಡ್ ಏನೂ ಬರೆಯಬೇಕಿಲ್ಲ. ಡಿಸ್ಕ್ರಿಪ್ಷನ್‌ನ ಅದೇ ಪಟ್ಟಿಯನ್ನೇ ಗೂಗಲ್ ಓದಬಲ್ಲದು. ಪ್ರತಿ ಸಮಯ ಬೇರೆ ಸಾಲಿನಲ್ಲಿರಬೇಕು, ಹೆಸರು ಅದೇ ಸಾಲಿನಲ್ಲಿರಬೇಕು ಅಷ್ಟೇ. ತೋರಿಸಿಯೇ ತೋರಿಸುತ್ತದೆ ಅನ್ನುವ ಭರವಸೆ ಮಾತ್ರ ಇಲ್ಲ. ನಿಮ್ಮ ಪಟ್ಟಿಯನ್ನು ತೋರಿಸುವುದೋ ಬಿಡುವುದೋ ಅದರ ನಿರ್ಧಾರ, ಮತ್ತು ಬದಲಾಯಿಸಿದ ಪಟ್ಟಿ ಅಲ್ಲಿ ಕಾಣಲು ಸಮಯ ಹಿಡಿಯುತ್ತದೆ. ಪ್ಲೇಯರ್‌ನಲ್ಲಾದರೆ ಬೇಗ ಬರುತ್ತದೆ.

ಸ್ಟುಡಿಯೊದಲ್ಲಿ ವಿಡಿಯೊ ವಿವರದ ಕೆಳಗೆ `Show more` ಒತ್ತಿದರೆ, ಚಾಪ್ಟರ್‌ಗಳನ್ನು ತಾನೇ ಹಾಕಿಕೊಳ್ಳಲು ಯೂಟ್ಯೂಬ್‌ಗೆ ಅನುಮತಿ ಕೊಡುವ ಒಂದು ಟಿಕ್ ಇದೆ. ಈ ವಿಡಿಯೊದಲ್ಲಿ ಅದು ಮೊದಲಿಂದಲೂ ಆನ್ ಇತ್ತು, ಏನೂ ಬಂದಿರಲಿಲ್ಲ. ನಾವು ಕೈಯಲ್ಲಿ ಹಾಕಿದ ಪಟ್ಟಿ ಸರಿಯಾಗಿದ್ದರೆ ಅದಕ್ಕೇ ಮೊದಲ ಸ್ಥಾನ, ಹಾಗಾಗಿ ಆ ಟಿಕ್ ಹಾಗೇ ಬಿಟ್ಟೆವು. ನಿಯಮ ಮೀರಿದ್ದಕ್ಕೆ ಯೂಟ್ಯೂಬ್ ಹಾಕುವ ಸ್ಟ್ರೈಕ್ ಚಾನೆಲ್ ಮೇಲೆ ಇದ್ದರೆ ಮಾತ್ರ ಪಟ್ಟಿ ಎಷ್ಟೇ ಸರಿ ಇದ್ದರೂ ಚಾಪ್ಟರ್ ಬರುವುದಿಲ್ಲ. ಎಲ್ಲ ನಿಯಮ ಪಾಲಿಸಿಯೂ ಬರದಿದ್ದರೆ ಅಲ್ಲೊಮ್ಮೆ ನೋಡಿ.

ನಡುವೆ ಐವತ್ತು ಸೆಕೆಂಡ್ ಕತ್ತರಿಸಿದಾಗ

ಪಟ್ಟಿ ಹಾಕಿ, ಬಳಗದ ವಾಟ್ಸಾಪ್ ಗುಂಪಿಗೆ ಬೋರ್ಡೋ ಭಾಗದ ನೇರ ಲಿಂಕ್ ಕಳಿಸಿದೆವು. ಕಂಪ್ಯೂಟರ್‌ನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆ ಕ್ಷಣದ ಲಿಂಕ್ ಕಾಪಿ ಮಾಡುವ ಆಯ್ಕೆ ಸಿಗುತ್ತದೆ. ಲಿಂಕ್‌ನ ಕೊನೆಗೆ ಸೆಕೆಂಡ್ ಲೆಕ್ಕ ಸೇರಿರುತ್ತದೆ. 31:14 ಅಂದರೆ 1874 ಸೆಕೆಂಡ್, ಹಾಗಾಗಿ ಕೊನೆಯಲ್ಲಿ `t=1874`. ಜನ ಒತ್ತಿದರು, ನೇರ ಅಳತೆಯ ವಾಕ್ಯಕ್ಕೇ ಇಳಿದರು. ಎಲ್ಲ ಸರಿಯಾಗಿತ್ತು.

ಕೆಲವು ದಿನ ಆದ ಮೇಲೆ ಒಬ್ಬ ಬೆಳೆಗಾರರು ಫೋನ್ ಮಾಡಿದರು. ಇಪ್ಪತ್ತೆಂಟೂವರೆ ನಿಮಿಷದ ಹತ್ತಿರ ಯಾರೋ ತಮ್ಮ ಮೊಬೈಲ್ ನಂಬರನ್ನು ಮೈಕ್‌ನಲ್ಲಿ ಜೋರಾಗಿ ಹೇಳಿದ್ದಾರೆ, ಈಗ ಗೊತ್ತಿಲ್ಲದವರೆಲ್ಲ ಫೋನ್ ಮಾಡುತ್ತಿದ್ದಾರೆ, ತೆಗೆಯಿರಿ ಅಂತ. ನ್ಯಾಯವಾದ ಮಾತು. ಹುಡುಗ ಸ್ಟುಡಿಯೊದ ಎಡಿಟರ್‌ನಲ್ಲಿ `Trim & cut` ಬಳಸಿ ಆ ಐವತ್ತು ಸೆಕೆಂಡ್ ತೆಗೆದ. ಇದು ಒಳ್ಳೆಯ ದಾರಿಯೇ. ವಿಡಿಯೊ ಅಳಿಸಿ ಮತ್ತೆ ಹಾಕಿದರೆ ಲಿಂಕ್ ಬದಲಾಗುತ್ತದೆ, ಕಾಮೆಂಟ್, ವೀಕ್ಷಣೆ ಎಲ್ಲ ಹೋಗುತ್ತದೆ. ಎಡಿಟರ್‌ನಲ್ಲಿ ಕತ್ತರಿಸಿದರೆ ಅವು ಹಾಗೇ ಉಳಿಯುತ್ತವೆ.

ಉಳಿಯದೇ ಹೋಗುವುದು ಟೈಮ್‌ಸ್ಟಾಂಪ್‌ನ ಅರ್ಥ. ಡಿಸ್ಕ್ರಿಪ್ಷನ್ ಅನ್ನೋದು ಬರೀ ಅಕ್ಷರ. ವಿಡಿಯೊ ಐವತ್ತು ಸೆಕೆಂಡ್ ಚಿಕ್ಕದಾಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕತ್ತರಿಸಿದ ಜಾಗಕ್ಕಿಂತ ಮುಂಚಿನ ಮೂರು ಚಾಪ್ಟರ್ ಸರಿಯಾಗೇ ಇದ್ದವು. ಅದರ ನಂತರದ ಎಲ್ಲವೂ ಐವತ್ತು ಸೆಕೆಂಡ್ ತಡವಾಗಿ ಇಳಿಸುತ್ತಿದ್ದವು. ಸಮಯಗಳು ನೀಲಿಯಾಗೇ ಇದ್ದವು, ಗೆರೆ ತುಂಡಾಗೇ ಇತ್ತು, ನಿಯಮದ ಪ್ರಕಾರ ಏನೂ ಕೆಟ್ಟಿರಲಿಲ್ಲ. ಬೋರ್ಡೋ ಒತ್ತಿದವರಿಗೆ ಮಾತ್ರ ಒಂದು ಕೆಜಿ, ಒಂದು ಕೆಜಿ, ನೂರು ಲೀಟರ್ ಅನ್ನುವ ಅಳತೆ ಮುಗಿದ ಮೇಲಿನ ಮಾತು ಕೇಳಿಸುತ್ತಿತ್ತು: "ಇದನ್ನು ಅದಕ್ಕೆ ನಿಧಾನಕ್ಕೆ ಸುರಿಯುತ್ತಾ ಕಲಕಬೇಕು." ಯಾವುದನ್ನು, ಯಾವುದಕ್ಕೆ, ಎಷ್ಟು? ಅಳತೆ ಕೇಳಿಸದೆ ಒಬ್ಬರು ಗುಂಪಿನಲ್ಲಿ ಕೇಳಿದ್ದರಿಂದ ವಿಷಯ ಗೊತ್ತಾಯಿತು, ಇಲ್ಲದಿದ್ದರೆ ಹಾಗೇ ಇರುತ್ತಿತ್ತು.

ಇದರಿಂದ ನಾನು ಇಟ್ಟುಕೊಂಡ ಪರೀಕ್ಷೆ ಇದು: ವಿಡಿಯೊದಲ್ಲಿ ಏನೇ ಕತ್ತರಿಸಿದರೂ ಮೊದಲು ಕೊನೆಯ ಚಾಪ್ಟರ್ ಒತ್ತಿ ನೋಡುವುದು. ಸಾಮಾನ್ಯವಾಗಿ ಎಲ್ಲರೂ ಮೊದಲ ಒಂದೆರಡು ಒತ್ತಿ, ಸರಿ ಇದೆ ಅಂತ ಎದ್ದು ಹೋಗುತ್ತಾರೆ. ನಡುವೆ ಕತ್ತರಿಸಿದಾಗ ಮೊದಲಿನವು ಯಾವಾಗಲೂ ಸರಿಯಾಗೇ ಇರುತ್ತವೆ. ಕೊನೆಯದು ಸರಿ ಇದ್ದರೆ, ಹೆಚ್ಚುಕಡಿಮೆ ಎಲ್ಲವೂ ಸರಿ. ರೆಕಾರ್ಡ್ ಆದ ಮೇಲೆ ಮುಂದೆ ಚಾನೆಲ್‌ನ ಲೋಗೋ ಇರುವ ಎಂಟು ಹತ್ತು ಸೆಕೆಂಡಿನ ತುಣುಕು ಸೇರಿಸುವವರಿಗೂ ಇದೇ ತೊಂದರೆ ಉಲ್ಟಾ ಆಗುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಗುರುತು ಹಾಕಿಕೊಂಡ ಸಮಯ, ಅಪ್‌ಲೋಡ್ ಆದ ವಿಡಿಯೊದ ಸಮಯ ಎರಡೂ ಬೇರೆ ಆಗಿ, ಪ್ರತಿ ಚಾಪ್ಟರ್ ಎಂಟು ಸೆಕೆಂಡ್ ಮುಂಚೆಯೇ ತೆರೆಯುತ್ತದೆ. ಆದ್ದರಿಂದ ಸಮಯ ಬರೆಯುವುದು ಅಪ್‌ಲೋಡ್ ಆದ ವಿಡಿಯೊ ನೋಡಿಯೇ.

ತಿದ್ದುವುದಕ್ಕೆ ಮತ್ತೆ ಪೂರ್ತಿ ವಿಡಿಯೊ ನೋಡಬೇಕಿಲ್ಲ, ಕಳೆಯುವ ಲೆಕ್ಕ ಸಾಕು. ಪಟ್ಟಿಯನ್ನು ಗೂಗಲ್ ಶೀಟ್‌ಗೆ ಹಾಕಿ, ಕತ್ತರಿಸಿದ ಜಾಗದ ನಂತರದ ಸಾಲುಗಳಿಗೆ ಮಾತ್ರ ಇದನ್ನು ಕೊಟ್ಟೆ:

```
=TEXT(A5-TIME(0,0,50),"h:mm:ss")
```

ಇಲ್ಲಿ ಒಂದು ಎಚ್ಚರಿಕೆ. ಶೀಟ್‌ನಲ್ಲಿ 31:14 ಅಂತ ಬರೆದರೆ ಅದು ಮೂವತ್ತೊಂದು ಗಂಟೆ ಹದಿನಾಲ್ಕು ನಿಮಿಷ ಅಂದುಕೊಳ್ಳುತ್ತದೆ. 0:31:14 ಅಂತ ಬರೆಯಬೇಕು. ಫಲಿತಾಂಶದಲ್ಲಿ ಬರುವ ಮುಂದಿನ 0: ಅನ್ನು ಅಳಿಸಿ, 30:24 ಅಂತ ಡಿಸ್ಕ್ರಿಪ್ಷನ್‌ಗೆ ಹಾಕಿದೆ.

ವಾಟ್ಸಾಪ್‌ನಲ್ಲಿ ಹೋಗಿಬಿಟ್ಟ `t=1874` ಲಿಂಕನ್ನು ಮಾತ್ರ ತಿದ್ದಲು ಬರುವುದಿಲ್ಲ. ಅದು ಎಷ್ಟು ಗುಂಪಿಗೆ ಹೋಗಿತ್ತೋ. `t=1824` ಇರುವ ಹೊಸ ಲಿಂಕ್ ಕಳಿಸಿ, ಹಳೆಯದನ್ನು ಒತ್ತಿದರೆ ಅಳತೆ ಕೇಳಿಸುವುದಿಲ್ಲ ಅಂತ ಬರೆದೆವು. ಅದರ ಮೇಲೆ, ಮೆಣಸಿಗೆ ಬೇಕಾದ ಅಳತೆಯನ್ನು ಡಿಸ್ಕ್ರಿಪ್ಷನ್‌ನಲ್ಲೇ ಒಂದು ಸಾಲು ಬರೆದು ಹಾಕಿದೆವು. ಲಿಂಕ್ ಎಲ್ಲಿಗೆ ಇಳಿಸಿದರೂ ತೂಕ ಕಣ್ಣಿಗೆ ಸಿಗಲಿ ಅಂತ.

ತಿದ್ದಿದ ಮೇಲಿನ ಪಟ್ಟಿ ಇದು:

```
0:00 ಸ್ವಾಗತ, ಉದ್ಘಾಟನೆ, ಅಧ್ಯಕ್ಷರ ಮಾತು
14:05 ಮೆಣಸಿನ ಬಳ್ಳಿ: ಮಳೆಗಾಲಕ್ಕೆ ಮುಂಚಿನ ಕೆಲಸ
22:40 ಮೆಣಸಿನ ಸೊರಗು ರೋಗ: ಮೊದಲ ಲಕ್ಷಣ
30:24 ಬೋರ್ಡೋ 1% ಮೆಣಸಿಗೆ: ಅಳತೆ, ಬೆರೆಸುವ ಕ್ರಮ Bordeaux
36:00 ಬೋರ್ಡೋ ಸರಿಯಾಗಿದೆಯಾ: ಕತ್ತಿ ಪರೀಕ್ಷೆ
38:35 ಮೆಣಸಿಗೆ ಸಿಂಪಡಣೆ: ಯಾವಾಗ, ಎಲ್ಲಿಗೆ
44:40 ಕಾಫಿ ತೋಟದ ಮರಗಸಿ: ನೆರಳು ಎಷ್ಟು ಬಿಡಬೇಕು
52:30 ಬೋರ್ಡೋ 0.5% ಕಾಫಿಗೆ: ಎಲೆ ತುಕ್ಕು ರೋಗ
1:00:55 ಅರೇಬಿಕಾ ಕಾಂಡ ಕೊರೆಯುವ ಹುಳು: ಗುರುತಿಸುವುದು
1:11:20 ಪ್ರಶ್ನೆ: ಮಳೆ ಬಿಡದಿದ್ದರೆ ಬೋರ್ಡೋ ಹೊಡೆಯುವುದು
1:18:45 ಪ್ರಶ್ನೆ: ಒಣಗಿದ ಮೆಣಸಿನ ಬಳ್ಳಿ ಏನು ಮಾಡಬೇಕು
1:26:15 ಪ್ರಶ್ನೆ: ತೋಟಕ್ಕೆ ಸುಣ್ಣ ಹಾಕುವುದು
1:34:10 ಪ್ರಶ್ನೆ: ಹೊಸ ಮೆಣಸಿನ ಗಿಡ ನೆಡುವುದು
1:43:20 ವಂದನಾರ್ಪಣೆ
```

ಏನು ಬದಲಾಯಿತು, ಏನು ಬದಲಾಗಲಿಲ್ಲ

ಎಷ್ಟನೇ ನಿಮಿಷ ಅನ್ನುವ ಕಾಮೆಂಟ್ ನಿಂತಿತು. ಅದರ ಬದಲು ಬೋರ್ಡೋ ಬಗ್ಗೆಯೇ ಪ್ರಶ್ನೆಗಳು ಬರತೊಡಗಿದವು. ಗ್ರಾಫ್‌ನಲ್ಲಿ ಬೋರ್ಡೋ ಭಾಗದ ಏರು ಇನ್ನೂ ಚೂಪಾಯಿತು. ಮೊದಲು ಅದು ಹರಡಿಕೊಂಡಿತ್ತು, ಯಾಕಂದ್ರೆ ಜನ ಸುತ್ತಮುತ್ತ ತಡಕಾಡುತ್ತಿದ್ದರು. ಈಗ ನೇರ ಆ ಜಾಗಕ್ಕೇ ಇಳಿಯುತ್ತಿದ್ದಾರೆ.

ಹುಡುಗನಿಗೆ ಒಂದು ಚಿಂತೆ ಇತ್ತು, ಅದು ಸುಳ್ಳೂ ಅಲ್ಲ. "ಎಲ್ಲರೂ ಹಾರಿ ಹಾರಿ ಹೋದ್ರೆ ವಾಚ್ ಟೈಮ್ ಬೀಳುತ್ತಲ್ಲಣ್ಣಾ, ನಾಲ್ಕು ಸಾವಿರ ಗಂಟೆ ಆಗೋದು ಯಾವಾಗ?" ಉದ್ದದ ವಿಡಿಯೊಗಳ ದಾರಿಯಲ್ಲಿ ಜಾಹೀರಾತು ಹಣ ಬರಬೇಕಾದರೆ ಸಾವಿರ ಚಂದಾದಾರರ ಜೊತೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಚಾಪ್ಟರ್ ಇದ್ದರೆ ಒಬ್ಬೊಬ್ಬರು ನೋಡುವ ನಿಮಿಷ ಕಡಿಮೆ ಆಗಬಹುದು. ಇಲ್ಲೂ ಸ್ವಲ್ಪ ಇಳಿಯಿತು. ಆದರೆ ಮೊದಲು ಇದ್ದ ನಿಮಿಷಗಳಲ್ಲಿ ಎಷ್ಟೋ ಪಾಲು ಉದ್ಘಾಟನೆಯಲ್ಲಿ ಸಿಕ್ಕಿಹಾಕಿಕೊಂಡು, ಬೇಕಾದ್ದು ಸಿಗದೆ ಹೊರಟು ಹೋದವರದ್ದು. ಅದನ್ನು ಉಳಿಸಿಕೊಳ್ಳಲು ಜನರನ್ನು ತಡಕಾಡಿಸುವುದು ನನಗೆ ಸರಿ ಕಾಣಲಿಲ್ಲ, ಬಳಗದವರಿಗೂ ಹಾಗೇ ಅನಿಸಿತು. ಮಳೆಗಾಲ ಶುರುವಾದ ಮೇಲೆ ಎರಡನೇ ಸಿಂಪಡಣೆ ಹೊತ್ತಿಗೆ ಅದೇ ಚಾಪ್ಟರ್‌ಗೆ ಜನ ಮತ್ತೆ ಬಂದರು.

ಚಾಪ್ಟರ್‌ಗೆ ಆಗದ ಕೆಲಸಗಳೂ ಇವೆ. ವಿಡಿಯೊವನ್ನು ಡೌನ್‌ಲೋಡ್ ಮಾಡಿ ಫೈಲ್ ಆಗಿ ವಾಟ್ಸಾಪ್‌ನಲ್ಲಿ ಹಂಚಿದರೆ ಈ ಪಟ್ಟಿ ಜೊತೆಗೆ ಹೋಗುವುದಿಲ್ಲ, ಅದು ಇರುವುದು ಯೂಟ್ಯೂಬ್‌ನ ಡಿಸ್ಕ್ರಿಪ್ಷನ್‌ನಲ್ಲಿ. ನಮ್ಮ ಕಡೆ ಹಾಗೆ ಹಂಚುವವರು ಬಹಳ, ಅಂಥವರಿಗೆ ಪಟ್ಟಿಯನ್ನೇ ಮೆಸೇಜ್ ಆಗಿ ಕಳಿಸಬೇಕಾಯಿತು. ಇನ್ನು ಹುಡುಕಾಟದಲ್ಲಿ ಮುಖಚಿತ್ರ, ಶೀರ್ಷಿಕೆ ಎಲ್ಲ ಇಡೀ ವಿಡಿಯೊದ್ದೇ. "ಬೆಳೆಗಾರರ ಮಾಹಿತಿ ಕಾರ್ಯಕ್ರಮ" ಅನ್ನುವ ಶೀರ್ಷಿಕೆಯ ಒಳಗೆ ಬೋರ್ಡೋ ಚಾಪ್ಟರ್ ಎಷ್ಟೇ ಚೆನ್ನಾಗಿದ್ದರೂ, ಎಂಟು ನಿಮಿಷದ ಬೇರೆ ಬೋರ್ಡೋ ವಿಡಿಯೊ ಪಕ್ಕದಲ್ಲಿದ್ದರೆ ಜನ ಅದನ್ನೇ ಒತ್ತುತ್ತಾರೆ. ಅದಕ್ಕೆ ನಾವು ಎರಡು ಕೆಲಸ ಮಾಡಿದೆವು. ದೊಡ್ಡ ವಿಡಿಯೊದ ಶೀರ್ಷಿಕೆಗೆ ಮೆಣಸು, ಕಾಫಿ, ಬೋರ್ಡೋ ಅನ್ನುವ ಪದ ತಂದೆವು. 30:24ರಿಂದ 38:35ರವರೆಗಿನ ಭಾಗವನ್ನು ಬೇರೆ ವಿಡಿಯೊ ಆಗಿಯೂ ಹಾಕಿ, ಅದರ ಡಿಸ್ಕ್ರಿಪ್ಷನ್‌ನಿಂದ ದೊಡ್ಡ ವಿಡಿಯೊಗೆ ಲಿಂಕ್ ಕೊಟ್ಟೆವು. ಆ ಎಂಟು ನಿಮಿಷದ ವಿಡಿಯೊಗೂ ಮೂರು ಚಾಪ್ಟರ್ ಹಾಕಿದೆವು: ಅಳತೆ, ಬೆರೆಸುವುದು, ಕತ್ತಿ ಪರೀಕ್ಷೆ.

ಈಗ ಬಳಗದ ಕಾರ್ಯಕ್ರಮ ನಡೆಯುವಾಗ ಹಿಂದಿನ ಸಾಲಿನಲ್ಲಿ ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಕ್ಯಾಮೆರಾ ಆನ್ ಆದಾಗ ಫೋನ್‌ನ ಸ್ಟಾಪ್‌ವಾಚ್ ಒತ್ತುತ್ತಾರೆ, ವಿಷಯ ಬದಲಾದಾಗೆಲ್ಲ ಸುಮಾರು ಸಮಯ ಮತ್ತು ಸಭಿಕರು ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತಾರೆ. ನಿಖರ ಸೆಕೆಂಡನ್ನು ಆಮೇಲೆ ಅಪ್‌ಲೋಡ್ ಆದ ವಿಡಿಯೊದಲ್ಲಿ ಹುಡುಗ ನೋಡಿ ತುಂಬುತ್ತಾನೆ, ಕೊನೆಯ ಚಾಪ್ಟರ್ ಒತ್ತಿ ನೋಡಿದ ಮೇಲೆ ಲಿಂಕ್ ಗುಂಪಿಗೆ ಹೋಗುತ್ತದೆ.